ಕನ್ನಡ ಶಾಲಾ ಗಣಿತದ ಪಾರಿಭಾಷಿಕ ಪದಗಳು

ಕನ್ನಡ ಶಾಲಾ ಗಣಿತದ ಪಾರಿಭಾಷಿಕ ಪದಗಳು ಎಂದರೆ ಕನ್ನಡ ಮಾಧ್ಯಮದ ಗಣಿತ ಪಠ್ಯಪುಸ್ತಕಗಳಲ್ಲಿ ನಿಶ್ಚಿತ ಅರ್ಥದಲ್ಲಿ ಬಳಕೆಯಾಗುವ ಪದಗಳು. ನ್ಯೂಮರೇಟರ್‌ಗೆ ಅಂಶ, ಡಿನಾಮಿನೇಟರ್‌ಗೆ ಛೇದ, ಹೈಪೊಟೆನ್ಯೂಸ್‌ಗೆ ವಿಕರ್ಣ, ಡಯಾಗನಲ್‌ಗೆ ಕರ್ಣ ಎಂಬವು ಕರ್ನಾಟಕದ ಶಾಲಾ ಪುಸ್ತಕಗಳಲ್ಲಿ ರೂಢಿಯಾಗಿರುವ ರೂಪಗಳು. ಇವುಗಳಲ್ಲಿ ಹೆಚ್ಚಿನವು ಸಂಸ್ಕೃತದ ಗಣಿತ ಗ್ರಂಥಗಳಿಂದ ಬಂದವು. ಅದೇ ಮೂಲದಿಂದ ನೆರೆಯ ಭಾಷೆಗಳೂ ಪದಗಳನ್ನು ಪಡೆದಿವೆ. ಆದರೆ ಒಂದೇ ಪದಕ್ಕೆ ಎಲ್ಲ ಭಾಷೆಗಳೂ ಒಂದೇ ಅರ್ಥವನ್ನು ಕೊಟ್ಟಿಲ್ಲ. ಈ ಕಾರಣದಿಂದ ಪಠ್ಯಪುಸ್ತಕವೊಂದರಲ್ಲಿ ಪದಗಳ ಏಕರೂಪತೆಯನ್ನು ಕಾಯ್ದುಕೊಳ್ಳುವುದು ಕೇವಲ ಭಾಷೆಯ ಅಚ್ಚುಕಟ್ಟಿನ ವಿಷಯವಾಗಿ ಉಳಿಯದೆ, ಲೆಕ್ಕದ ಉತ್ತರವನ್ನೇ ಬದಲಿಸಬಲ್ಲ ವಿಷಯವಾಗುತ್ತದೆ.

ಹಿನ್ನೆಲೆ

ಕನ್ನಡ ನಾಡಿನಲ್ಲಿ ಗಣಿತದ ಬರಹಕ್ಕೆ ದೀರ್ಘ ಇತಿಹಾಸವಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಜೈನ ವಿದ್ವಾಂಸ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಅದರಲ್ಲಿ ಭಿನ್ನರಾಶಿಗಳಿಗಾಗಿಯೇ ‘ಕಲಾಸವರ್ಣ’ ಎಂಬ ಪ್ರತ್ಯೇಕ ಅಧ್ಯಾಯವಿದೆ. ಛೇದಗಳನ್ನು ಸಮಗೊಳಿಸಲು ಬೇಕಾದ ಅತಿ ಚಿಕ್ಕ ಸಾಮಾನ್ಯ ಸಂಖ್ಯೆಯನ್ನು, ಅಂದರೆ ಇಂದಿನ ಲಘುತಮ ಸಾಮಾನ್ಯ ಅಪವರ್ತ್ಯವನ್ನು, ಆತ ‘ನಿರುದ್ಧ’ ಎಂದು ಕರೆದನು. ಕನ್ನಡದಲ್ಲಿಯೇ ಗಣಿತ ಬರೆದವರಲ್ಲಿ ಮೊದಲಿಗನೆಂದು ಹೆಸರಾದವನು 12ನೆಯ ಶತಮಾನದ ರಾಜಾದಿತ್ಯ. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದವು ಆತನ ಕೃತಿಗಳು. ಅದೇ ಶತಮಾನದಲ್ಲಿ, 1150ರ ಸುಮಾರಿಗೆ, ಎರಡನೆಯ ಭಾಸ್ಕರಾಚಾರ್ಯನ ‘ಲೀಲಾವತಿ’ ಹೊರಬಂದಿತು. ಇಂದಿನ ಶಾಲಾ ಪದಗಳಲ್ಲಿ ಅನೇಕವು ಈ ಪರಂಪರೆಯವೇ. ಆದರೆ ‘ನಿರುದ್ಧ’ದಂಥ ಪದಗಳು ಉಳಿಯಲಿಲ್ಲ, ಉಳಿದ ಪದಗಳೂ ಹಳೆಯ ಅರ್ಥದಲ್ಲಿಯೇ ಉಳಿದಿಲ್ಲ.

ಆಧುನಿಕ ಕಾಲದಲ್ಲಿ ಭಾರತೀಯ ಭಾಷೆಗಳ ವೈಜ್ಞಾನಿಕ ಪದಗಳಿಗೆ ಸಾಮಾನ್ಯ ನೆಲೆಯೊಂದನ್ನು ಒದಗಿಸಲು ಕೇಂದ್ರ ಸರ್ಕಾರವು 1961ರಲ್ಲಿ ವೈಜ್ಞಾನಿಕ ಮತ್ತು ತಾಂತ್ರಿಕ ಪದಾವಳಿ ಆಯೋಗವನ್ನು ಸ್ಥಾಪಿಸಿತು. ಮೂಲಮಾನಗಳು, ಚಿಹ್ನೆಗಳು, ಸೂತ್ರಗಳು ಅಂತಾರಾಷ್ಟ್ರೀಯ ರೂಪದಲ್ಲಿಯೇ ಇರಬೇಕು, ಪರಿಕಲ್ಪನೆಯನ್ನು ಹೇಳುವ ಪದಗಳನ್ನು ಭಾರತೀಯ ಭಾಷೆಗಳಿಗೆ ತರಬೇಕು, ಆಯಾ ಭಾಷೆಯಲ್ಲಿ ಈಗಾಗಲೇ ಬೇರೂರಿರುವ ಪದಗಳನ್ನು ಬಿಡಬಾರದು ಎಂಬವು ಆಯೋಗದ ಮುಖ್ಯ ತತ್ತ್ವಗಳು. ಈ ಕ್ರಮವನ್ನು ಕನ್ನಡ ಪುಸ್ತಕಗಳಲ್ಲಿಯೂ ಕಾಣಬಹುದು: sin, cos, log ಎಂಬ ಸಂಕೇತಗಳು ಹಾಗೆಯೇ ಇರುತ್ತವೆ, ಆದರೆ ತ್ರಿಭುಜ ‘ಟ್ರೈಆಂಗಲ್’ ಆಗುವುದಿಲ್ಲ. ಮೂರನೆಯ ತತ್ತ್ವವು ಮಾತ್ರ ಎರಡನೆಯದಕ್ಕೆ ಆಗಾಗ ಅಡ್ಡ ಬರುತ್ತದೆ. ಎಲ್ಲ ಭಾಷೆಗಳಿಗೂ ಒಂದೇ ಸಂಸ್ಕೃತ ಪದ ಇರಲಿ ಎಂದರೆ, ಒಂದು ಭಾಷೆಯಲ್ಲಿ ಆ ಪದವು ಬೇರೆ ಅರ್ಥದಲ್ಲಿ ಈಗಾಗಲೇ ನೆಲೆಯೂರಿರಬಹುದು.

ಅಂಶ ಮತ್ತು ಛೇದ

ಭಿನ್ನರಾಶಿಯ ಮೇಲಿನ ಸಂಖ್ಯೆ ಅಂಶ, ಕೆಳಗಿನ ಸಂಖ್ಯೆ ಛೇದ. ಅಂಶ ಎಂದರೆ ಪಾಲು. ಛೇದ ಎಂದರೆ ಕತ್ತರಿಸುವಿಕೆ. 3/4 ಎಂಬಲ್ಲಿ ಒಂದು ಪೂರ್ಣವನ್ನು ನಾಲ್ಕಾಗಿ ಛೇದಿಸಿ ಅದರ ಮೂರು ಪಾಲುಗಳನ್ನು ತೆಗೆದುಕೊಂಡಿದೆ. ಹೀಗೆ ಪದದ ಅರ್ಥವೇ ಕ್ರಿಯೆಯನ್ನು ಹೇಳುತ್ತದೆ. ಹಳೆಯ ಹಸ್ತಪ್ರತಿಗಳಲ್ಲಿ ಅಂಶವನ್ನು ಮೇಲೆ, ಛೇದವನ್ನು ಕೆಳಗೆ ಬರೆಯುವ ಪದ್ಧತಿ ಇದ್ದಿತು. ನಡುವೆ ಗೆರೆ ಇರುತ್ತಿರಲಿಲ್ಲ.

ಸಂಸ್ಕೃತ ಗ್ರಂಥಗಳಲ್ಲಿ ಛೇದಕ್ಕೆ ‘ಹರ’, ‘ಹಾರ’ ಎಂಬ ಪರ್ಯಾಯಗಳೂ ಇದ್ದವು. ಹಿಂದಿಯು ‘ಅಂಶ–ಹರ’ ಎಂಬ ಜೋಡಿಯನ್ನು ಆರಿಸಿಕೊಂಡಿತು. ಬಂಗಾಳಿಯಲ್ಲಿ ‘ಲವ–ಹರ’, ತೆಲುಗಿನಲ್ಲಿ ‘ಲವಮು–ಹಾರಮು’. ಕನ್ನಡ, ಮರಾಠಿ, ಮಲಯಾಳಗಳು ‘ಅಂಶ–ಛೇದ’ವನ್ನು ಇಟ್ಟುಕೊಂಡವು. ಕನ್ನಡದಲ್ಲಿ ಹರ ಎಂದರೆ ಶಿವ, ಹಾರ ಎಂದರೆ ಮಾಲೆ. ಛೇದವನ್ನು ಆರಿಸಿಕೊಂಡದ್ದರಿಂದ ಈ ಗೊಂದಲವು ತಪ್ಪಿದೆ. ಹಾಗೆಂದು ಛೇದವು ತೊಡಕಿಲ್ಲದ ಪದವೂ ಅಲ್ಲ. ಜ್ಯಾಮಿತಿಯಲ್ಲಿ ಎರಡು ರೇಖೆಗಳು ಒಂದನ್ನೊಂದು ‘ಛೇದಿಸುತ್ತವೆ’, ವೃತ್ತವನ್ನು ಎರಡು ಬಿಂದುಗಳಲ್ಲಿ ಕತ್ತರಿಸುವ ರೇಖೆ ‘ಛೇದಕ’. ಅಂಶದ ಪಾಡೂ ಇದೇ. ‘ಈ ಅಂಶವನ್ನು ಗಮನಿಸಿ’ ಎಂಬ ವಾಕ್ಯವು ಭಿನ್ನರಾಶಿಯ ಪಾಠದಲ್ಲಿ ಬಂದರೆ, ಐದನೆಯ ತರಗತಿಯ ಮಗು ಮೇಲಿನ ಸಂಖ್ಯೆಯನ್ನೇ ನೋಡುತ್ತದೆ. ಅಂಥ ಪಾಠದಲ್ಲಿ ಸಾಮಾನ್ಯ ಅರ್ಥದ ‘ಅಂಶ’ವನ್ನು ಬಿಟ್ಟು ‘ಸಂಗತಿ’, ‘ವಿಷಯ’ ಎಂದು ಬರೆಯುವುದು ಒಳ್ಳೆಯದು.

ಛೇದ ಪದದ ದೊಡ್ಡ ಅನುಕೂಲವು ಅದರಿಂದ ಹುಟ್ಟುವ ಇತರ ಪದಗಳಲ್ಲಿದೆ. ಛೇದಗಳು ಸಮವಾಗಿದ್ದರೆ ಸಮಚ್ಛೇದ. 1/√2 ಎಂಬಲ್ಲಿ ಕೆಳಗಿರುವ ಕರಣಿಯನ್ನು ನಿವಾರಿಸುವುದು ಛೇದದ ಅಕರಣೀಕರಣ. ಒಂದು ಪುಸ್ತಕವು ಆರನೆಯ ತರಗತಿಯಲ್ಲಿ ಛೇದ ಎಂದು ಕಲಿಸಿ ಒಂಬತ್ತನೆಯ ತರಗತಿಯಲ್ಲಿ ‘ಹರವನ್ನು ಅಕರಣೀಕರಿಸಿ’ ಎಂದರೆ, ವಿದ್ಯಾರ್ಥಿಗೆ ಹೊಸದಾಗಿ ಕಲಿಯಬೇಕಾದ ಪದಗಳು ಒಂದರ ಬದಲು ಎರಡಾಗುತ್ತವೆ. ಆದ್ದರಿಂದ ಪದವೊಂದನ್ನು ಆರಿಸುವಾಗ ಅದರ ಸಂತತಿಯನ್ನೂ ಜೊತೆಗೆ ನೋಡಬೇಕಾಗುತ್ತದೆ.

ಭಿನ್ನರಾಶಿಯನ್ನು ಓದುವ ಕ್ರಮದಲ್ಲಿ ಇನ್ನೊಂದು ತೊಡಕಿದೆ. ಇದನ್ನು ಪದಕೋಶಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕನ್ನಡದಲ್ಲಿ 2/3 ಎಂಬುದನ್ನು ‘ಮೂರನೇ ಎರಡು’ ಎಂದು ಓದುತ್ತಾರೆ. ಪತ್ರಿಕೆಗಳಲ್ಲಿ ಬರುವ ‘ಮೂರನೇ ಎರಡರಷ್ಟು ಬಹುಮತ’ ಎಂಬುದು ಇದೇ ಕ್ರಮ. ಇಲ್ಲಿ ಮೊದಲು ಕಿವಿಗೆ ಬೀಳುವುದು ಛೇದ, ಅನಂತರ ಅಂಶ. ಬರೆಯುವಾಗ ಮಾತ್ರ ಕೈ ಮೇಲಿನಿಂದ ಕೆಳಕ್ಕೆ ಹೋಗುತ್ತದೆ. ಉಕ್ತಲೇಖನದಲ್ಲಿ ‘ಮೂರನೇ ಎರಡು’ ಎಂದಾಗ ಕೆಲವು ಮಕ್ಕಳು 3/2 ಎಂದು ಬರೆಯುವುದು ಈ ಕಾರಣದಿಂದ. ತಪ್ಪು ಭಿನ್ನರಾಶಿಯ ತಿಳಿವಳಿಕೆಯದೋ ಓದಿನ ಕ್ರಮದ್ದೋ ಎಂಬುದನ್ನು ಪತ್ತೆ ಮಾಡುವುದು ಕಷ್ಟವಲ್ಲ: ಅದೇ ಮಗುವಿಗೆ ಮೂರು ಭಾಗ ಮಾಡಿ ಎರಡಕ್ಕೆ ಬಣ್ಣ ಹಚ್ಚಿದ ಚಿತ್ರವನ್ನು ತೋರಿಸಿ ಬರೆಯಲು ಹೇಳಬೇಕು. ಚಿತ್ರಕ್ಕೆ 2/3 ಎಂದು ಸರಿಯಾಗಿ ಬರೆದರೆ ತೊಡಕು ಓದಿನಲ್ಲಿದೆ.

ಅಚ್ಚಗನ್ನಡದಲ್ಲಿ ಕೆಲವು ಭಿನ್ನರಾಶಿಗಳಿಗೆ ಅವುಗಳದೇ ಹೆಸರುಗಳಿವೆ: ಅರೆ, ಕಾಲು, ಮುಕ್ಕಾಲು, ಹದಿನಾರನೆಯ ಒಂದು ಭಾಗಕ್ಕೆ ವೀಸ. ಇವುಗಳಿಗೆ ಅಂಶವೂ ಬೇಡ, ಛೇದವೂ ಬೇಡ. ಆದರೂ ‘ಮುಕ್ಕಾಲು’ ಎಂಬ ಪದವನ್ನು ಬಿಡಿಸಿದರೆ ಮೂರು ಮತ್ತು ಕಾಲು ದೊರೆಯುತ್ತವೆ. ಕಾಲು ಎಂಬುದು ಯಾವ ಬಗೆಯ ತುಂಡು ಎಂದು ಹೇಳಿದರೆ, ಮೂರು ಎಂಬುದು ಅಂಥ ಎಷ್ಟು ತುಂಡುಗಳು ಎಂದು ಹೇಳುತ್ತದೆ. ಛೇದ ಮತ್ತು ಅಂಶಗಳ ಕೆಲಸವೂ ಇಷ್ಟೇ.

ಕರ್ಣ ಮತ್ತು ವಿಕರ್ಣ

ಕನ್ನಡ ಗಣಿತ ಪದಗಳಲ್ಲಿ ಅತಿ ಹೆಚ್ಚು ಗೊಂದಲಕ್ಕೆ ಎಡೆಯಾಗುವ ಜೋಡಿ ಇದು. ಕರ್ನಾಟಕದ ಶಾಲಾ ಪುಸ್ತಕಗಳಲ್ಲಿ ಲಂಬಕೋನ ತ್ರಿಭುಜದ ಲಂಬಕೋನಕ್ಕೆ ಎದುರಾಗಿರುವ ಬಾಹು ವಿಕರ್ಣ. ಚತುರ್ಭುಜದ ಎದುರುಬದುರಿನ ಶೃಂಗಗಳನ್ನು ಸೇರಿಸುವ ರೇಖಾಖಂಡ ಕರ್ಣ. ಹಿಂದಿಯಲ್ಲಿ ಇದು ಸರಿಯಾಗಿ ತಿರುವುಮುರುವು: ಅಲ್ಲಿ ಕರ್ಣವೆಂದರೆ ಲಂಬಕೋನ ತ್ರಿಭುಜದ ಬಾಹು, ವಿಕರ್ಣವೆಂದರೆ ಚತುರ್ಭುಜದ ರೇಖೆ. ಮಲಯಾಳವೂ ಹಿಂದಿಯ ಕ್ರಮದಲ್ಲಿಯೇ ಇದೆ. ಮರಾಠಿಯಲ್ಲಿ ಎರಡಕ್ಕೂ ಕರ್ಣ ಎಂಬ ಒಂದೇ ಪದ. ತಮಿಳಿನಲ್ಲಿ ಮೊದಲನೆಯದಕ್ಕೆ ಕರ್ಣಮ್ ಎಂಬುದುಂಟು. ಎರಡನೆಯದಕ್ಕೆ, ಮೂಲೆಯಿಂದ ಮೂಲೆಗೆ ಹೋಗುವುದೆಂಬ ಅರ್ಥ ಹೊಳೆಯುವ, ‘ಮೂಲೈವಿಟ್ಟಮ್’ ಎಂಬ ಬೇರೆಯೇ ಪದ.

ಮೂಲದಲ್ಲಿ ಈ ಭೇದ ಇರಲಿಲ್ಲ. ಸಂಸ್ಕೃತ ಗ್ರಂಥಗಳಲ್ಲಿ ಲಂಬಕೋನ ತ್ರಿಭುಜದ ಮೂರು ಬಾಹುಗಳು ಭುಜ, ಕೋಟಿ ಮತ್ತು ಕರ್ಣ. ಚತುರ್ಭುಜದ ಅಡ್ಡ ರೇಖೆಗೂ ಕರ್ಣ ಎಂದೇ ಹೆಸರು. ಕರ್ಣ ಎಂದರೆ ಕಿವಿಯಾದ್ದರಿಂದ ಶ್ಲೋಕದ ಛಂದಸ್ಸಿಗೆ ತಕ್ಕಂತೆ ಕಿವಿಯ ಪರ್ಯಾಯಪದಗಳಾದ ಶ್ರುತಿ, ಶ್ರವಣ ಎಂಬವನ್ನೂ ಬಳಸುತ್ತಿದ್ದರು. ಆಯತವನ್ನು ಒಂದು ಕರ್ಣದಿಂದ ಎರಡು ಮಾಡಿದರೆ ದೊರೆಯುವುದು ಎರಡು ಲಂಬಕೋನ ತ್ರಿಭುಜಗಳು. ಆ ಒಂದೇ ರೇಖೆ ಎರಡೂ ಪಾತ್ರಗಳನ್ನು ವಹಿಸುವುದರಿಂದ ಹಿಂದಿನವರಿಗೆ ಎರಡು ಪದಗಳ ಅಗತ್ಯ ಕಂಡಿರಲಿಕ್ಕಿಲ್ಲ. ಇಂಗ್ಲಿಷಿನ ಎರಡು ಪದಗಳಿಗೆ ಎರಡು ಪದಗಳು ಬೇಕಾದಾಗ ‘ವಿ’ ಎಂಬ ಉಪಸರ್ಗವನ್ನು ಒಂದಕ್ಕೆ ಸೇರಿಸಿ ಬೇರೆ ಮಾಡಲಾಯಿತು. ಯಾವುದಕ್ಕೆ ಸೇರಿಸಬೇಕೆಂಬುದಕ್ಕೆ ಪದದ ಅರ್ಥದಲ್ಲಿ ನಿರ್ಣಾಯಕ ಕಾರಣವೇನೂ ಇಲ್ಲ. ಹಿಂದಿ ಒಂದು ದಾರಿ ಹಿಡಿಯಿತು, ಕನ್ನಡ ಇನ್ನೊಂದು. ಎರಡೂ ತಮ್ಮೊಳಗೆ ಸುಸಂಗತ. ಕೂಡಿಸಿದಾಗ ಮಾತ್ರ ಅಪಾಯ. (ಮಹಾಭಾರತದಲ್ಲಿಯೂ ಕರ್ಣ, ವಿಕರ್ಣ ಎಂಬ ಇಬ್ಬರೂ ಕೌರವರ ಪಕ್ಷದವರೇ ಆಗಿರುವುದು ತರಗತಿಗಳಲ್ಲಿ ಹಾಸ್ಯಕ್ಕೆ ಒದಗುತ್ತದೆ, ಹೆಸರು ನೆನಪಿಡಲು ಅದು ನೆರವಾಗುತ್ತದೆ, ಯಾವುದು ಯಾವುದೆಂದು ನೆನಪಿಡಲು ನೆರವಾಗುವುದಿಲ್ಲ.)

ಅಪಾಯದ ಸ್ವರೂಪವನ್ನು ಒಂದು ಲೆಕ್ಕದಿಂದ ನೋಡಬಹುದು. ‘ವಜ್ರಾಕೃತಿಯೊಂದರ ಕರ್ಣಗಳು 16 ಸೆಂ.ಮೀ. ಮತ್ತು 12 ಸೆಂ.ಮೀ. ಆದರೆ ಅದರ ಬಾಹುವಿನ ಉದ್ದವೆಷ್ಟು?’ ಎಂಬುದು ಪ್ರಶ್ನೆ. ವಜ್ರಾಕೃತಿಯ ಕರ್ಣಗಳು ಪರಸ್ಪರ ಲಂಬವಾಗಿ ಅರ್ಧಿಸುತ್ತವೆ. ಆದ್ದರಿಂದ ಒಳಗೆ ಉಂಟಾಗುವ ನಾಲ್ಕು ಲಂಬಕೋನ ತ್ರಿಭುಜಗಳಲ್ಲಿ ಪ್ರತಿಯೊಂದರ ಚಿಕ್ಕ ಬಾಹುಗಳು 8 ಮತ್ತು 6. ಇಲ್ಲಿ ಕರ್ಣಗಳ ಅರ್ಧಗಳು ಲಂಬಕೋನದ ಬದಿಗಳಾಗಿವೆ. ವಿಕರ್ಣವಾಗಿರುವುದು ವಜ್ರಾಕೃತಿಯ ಬಾಹು. ಅದರ ಉದ್ದ

√(8² + 6²) = √100 = 10 ಸೆಂ.ಮೀ.

ಈಗ ಹಿಂದಿ ಮೂಲದ ಮಾರ್ಗದರ್ಶಿಯೊಂದನ್ನು ಓದಿ, ಕರ್ಣವೆಂದರೆ ಲಂಬಕೋನಕ್ಕೆ ಎದುರಿನ ಬಾಹುವೆಂದು ತಿಳಿದ ವಿದ್ಯಾರ್ಥಿಯನ್ನು ಊಹಿಸಿಕೊಳ್ಳಬಹುದು. ಆತ ದೊಡ್ಡ ಕರ್ಣವಾದ 16ನ್ನು ಪೈಥಾಗೊರಸ್ ಪ್ರಮೇಯದ ಅತಿ ಉದ್ದದ ಬಾಹುವಿನ ಸ್ಥಾನದಲ್ಲಿಟ್ಟು, 12ನ್ನು ಇನ್ನೊಂದು ಬಾಹುವೆಂದು ಗ್ರಹಿಸಿದರೆ

√(16² − 12²) = √112 ≈ 10.58 ಸೆಂ.ಮೀ.

ಎಂಬ ಉತ್ತರ ಬರುತ್ತದೆ. ಸರಿಯುತ್ತರಕ್ಕೂ ತಪ್ಪುತ್ತರಕ್ಕೂ ಅಂತರ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು ಮಾತ್ರ. ಅಳತೆಯನ್ನು ಕಣ್ಣಿನಲ್ಲಿ ಅಂದಾಜು ಮಾಡಿ ತಪ್ಪನ್ನು ಹಿಡಿಯಲಾಗದು. ಪರಿಶೀಲನೆಗೆ ವಿಸ್ತೀರ್ಣ ನೆರವಾಗುತ್ತದೆ. ಕರ್ಣಗಳ ಗುಣಲಬ್ಧದ ಅರ್ಧ, ಅಂದರೆ 96 ಚ.ಸೆಂ.ಮೀ., ವಜ್ರಾಕೃತಿಯ ವಿಸ್ತೀರ್ಣ. ನಾಲ್ಕು ಚಿಕ್ಕ ತ್ರಿಭುಜಗಳಲ್ಲಿ ಪ್ರತಿಯೊಂದರ ವಿಸ್ತೀರ್ಣ 8 × 6 ÷ 2 = 24; ನಾಲ್ಕರಿಂದ 96. ಚಿತ್ರ ಬರೆದು ಈ 24ರ ತ್ರಿಭುಜವನ್ನು ಗುರುತಿಸಿದವರಿಗೆ 16 ಎಂಬುದು ಯಾವ ತ್ರಿಭುಜದ ವಿಕರ್ಣವೂ ಅಲ್ಲವೆಂದು ತಾನಾಗಿ ಕಾಣುತ್ತದೆ. ಬರಹವೊಂದು ಯಾವ ಸಂಪ್ರದಾಯವನ್ನು ಅನುಸರಿಸಿದೆ ಎಂಬುದನ್ನು ತಿಳಿಯಲು ಸುಲಭವಾದ ಪರೀಕ್ಷೆಯೂ ಇದೆ. ಪೈಥಾಗೊರಸ್ ಪ್ರಮೇಯದ ಹೇಳಿಕೆಯನ್ನು ಹುಡುಕಿ ಅಲ್ಲಿ ‘ವಿಕರ್ಣದ ಮೇಲಿನ ವರ್ಗ’ ಎಂದಿದೆಯೋ ‘ಕರ್ಣದ ಮೇಲಿನ ವರ್ಗ’ ಎಂದಿದೆಯೋ ನೋಡಬೇಕು. ಮೊದಲನೆಯದಾದರೆ ಕರ್ನಾಟಕದ ಶಾಲಾ ರೂಢಿ.

ಈ ಜೋಡಿಯ ಜೊತೆಗೆ ಸೇರಿಕೊಳ್ಳುವ ಮೂರನೆಯ ಪದ ‘ಕರಣಿ’. ಶುಲ್ಬಸೂತ್ರಗಳಲ್ಲಿ ಒಂದು ಮಾನದ ಬಾಹುವುಳ್ಳ ವರ್ಗದ ಅಡ್ಡ ರೇಖೆಗೆ ‘ದ್ವಿಕರಣೀ’ ಎಂಬ ಹೆಸರಿದೆ. ಅದರ ಮೇಲೆ ಕಟ್ಟಿದ ವರ್ಗದ ವಿಸ್ತೀರ್ಣ ಮೂಲ ವರ್ಗದ ಎರಡರಷ್ಟಾಗುತ್ತದೆ. ಇಂದಿನ ಕನ್ನಡದಲ್ಲಿ √2ರಂಥ ಸಂಖ್ಯೆ ಕರಣಿ, ಆ ಅಡ್ಡ ರೇಖೆ ಕರ್ಣ. ಹೀಗಾಗಿ ‘ಈ ವರ್ಗದ ಕರ್ಣವು ಒಂದು ಕರಣಿ’ ಎಂಬ ವಾಕ್ಯವು ಗಣಿತದ ದೃಷ್ಟಿಯಿಂದ ನಿರ್ದುಷ್ಟವಾದುದು, ಅಚ್ಚುಮೊಳೆ ಜೋಡಿಸುವವರ ದೃಷ್ಟಿಯಿಂದ ಅಷ್ಟೇ ಅಪಾಯಕಾರಿಯಾದುದು.

ಲಂಬಕೋನ ಮತ್ತು ಸಮಕೋನ

ಕರ್ಣದ ಗೊಂದಲಕ್ಕೆ ಸೋದರನಂತಿರುವ ಇನ್ನೊಂದು ತೊಡಕಿದೆ. ಹಿಂದಿಯಲ್ಲಿ 90 ಡಿಗ್ರಿಯ ಕೋನವು ‘ಸಮಕೋಣ’. ಕನ್ನಡದಲ್ಲಿ ಅದು ಲಂಬಕೋನ. ಕನ್ನಡದಲ್ಲಿ ‘ಸಮಕೋನೀಯ ತ್ರಿಭುಜಗಳು’ ಎಂದರೆ ಅನುರೂಪ ಕೋನಗಳು ಸಮವಾಗಿರುವ ಎರಡು ತ್ರಿಭುಜಗಳು. ಸಮರೂಪತೆಯ ಪಾಠದಲ್ಲಿ ಈ ಪದ ಬರುತ್ತದೆ. ಹಿಂದಿಯ ಪದವನ್ನು ಹಾಗೆಯೇ ಇಳಿಸಿಕೊಂಡು ‘ಸಮಕೋನ ತ್ರಿಭುಜ’ ಎಂದು ಬರೆದರೆ ಓದುಗನು ಅದನ್ನು ಎಲ್ಲ ಕೋನಗಳೂ ಸಮವಾಗಿರುವ, ಅಂದರೆ ಪ್ರತಿಯೊಂದೂ 60 ಡಿಗ್ರಿ ಇರುವ ತ್ರಿಭುಜವೆಂದು ಗ್ರಹಿಸಿದರೆ ಆತನ ತಪ್ಪೇನೂ ಇಲ್ಲ.

ಅಪವರ್ತನ ಮತ್ತು ಅಪವರ್ತ್ಯ

ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ ಅದರ ಅಪವರ್ತನ. ಸಂಖ್ಯೆಯನ್ನು 1, 2, 3 ಎಂದು ಗುಣಿಸುತ್ತ ಹೋದಾಗ ದೊರೆಯುವವು ಅಪವರ್ತ್ಯಗಳು. 12ರ ಅಪವರ್ತನಗಳು 1, 2, 3, 4, 6, 12. ಅಪವರ್ತ್ಯಗಳು 12, 24, 36 ಎಂದು ಮುಂದುವರಿಯುತ್ತವೆ. ಮೊದಲಿನವು ಎಣಿಸಿ ಮುಗಿಯುತ್ತವೆ, ಎರಡನೆಯವು ಮುಗಿಯುವುದಿಲ್ಲ. ಈ ಎರಡು ಪದಗಳ ಬರಹದಲ್ಲಿರುವ ವ್ಯತ್ಯಾಸವು ಕೊನೆಯ ಅಕ್ಷರದ್ದು ಮಾತ್ರ. ಸಂಕ್ಷೇಪದಲ್ಲಿ ಅದೂ ಅಳಿಸಿಹೋಗುತ್ತದೆ: ಮಹತ್ತಮ ಸಾಮಾನ್ಯ ಅಪವರ್ತನ ‘ಮ.ಸಾ.ಅ.’, ಲಘುತಮ ಸಾಮಾನ್ಯ ಅಪವರ್ತ್ಯ ‘ಲ.ಸಾ.ಅ.’. ಇಲ್ಲಿ ಒಂದೇ ‘ಅ’ ಎರಡು ಬೇರೆ ಪದಗಳಿಗೆ ನಿಂತಿದೆ. 12 ಮತ್ತು 18ರ ಮ.ಸಾ.ಅ. 6, ಲ.ಸಾ.ಅ. 36. ‘ಮಹತ್ತಮ’ ಎಂಬುದಕ್ಕೆ ಚಿಕ್ಕ ಉತ್ತರ, ‘ಲಘುತಮ’ ಎಂಬುದಕ್ಕೆ ದೊಡ್ಡ ಉತ್ತರ ಬರುವುದನ್ನು ಕಂಡು ಮಕ್ಕಳು ಉತ್ತರಗಳನ್ನು ಅದಲುಬದಲು ಮಾಡುವುದುಂಟು. ಸಂಕ್ಷೇಪವನ್ನು ಮೊದಲ ಬಾರಿ ಬಳಸುವ ಅಧ್ಯಾಯದಲ್ಲಿ ಪೂರ್ಣ ಪದವನ್ನೂ ಜೊತೆಗೆ ಅಚ್ಚು ಮಾಡುವುದು ಈ ಕಾರಣದಿಂದ ಅಗತ್ಯ.

ಇಲ್ಲಿ ವ್ಯಾಕರಣ ಸ್ವಲ್ಪ ಸಹಾಯ ಮಾಡುತ್ತದೆ. ಭಾಗಾಕಾರದಲ್ಲಿ ಭಾಜ್ಯ ಮತ್ತು ಭಾಜಕ, ಗುಣಾಕಾರದಲ್ಲಿ ಗುಣ್ಯ ಮತ್ತು ಗುಣಕ ಎಂಬ ಜೋಡಿಗಳಿವೆ. ‘ಯ’ದಲ್ಲಿ ಕೊನೆಗೊಳ್ಳುವುದು ಕ್ರಿಯೆಗೆ ಒಳಗಾಗುವ ಸಂಖ್ಯೆ, ‘ಕ’ದಲ್ಲಿ ಕೊನೆಗೊಳ್ಳುವುದು ಕ್ರಿಯೆ ನಡೆಸುವ ಸಂಖ್ಯೆ. ಅಪವರ್ತ್ಯವು ಇದೇ ಅಚ್ಚಿನದು: 36ನ್ನು 12ರಿಂದ ಭಾಗಿಸಬಹುದಾದ್ದರಿಂದ 36 ಅಪವರ್ತ್ಯ. ಈ ಕ್ರಮದಲ್ಲಿ 12 ‘ಅಪವರ್ತಕ’ ಆಗಬೇಕಿತ್ತು, ಮತ್ತು ಹಿಂದಿಯಲ್ಲಿ ಆ ಪದ ಬಳಕೆಯಲ್ಲಿದೆ. ಕನ್ನಡದಲ್ಲಿ ಮಾತ್ರ ಕ್ರಿಯೆಯ ಹೆಸರೇ, ಅಂದರೆ ಅಪವರ್ತನವೇ, ಸಂಖ್ಯೆಯ ಹೆಸರಾಗಿ ನಿಂತಿದೆ. ಸಂಸ್ಕೃತ ಗ್ರಂಥಗಳಲ್ಲಿ ಅಪವರ್ತನವೆಂದರೆ ಸಾಮಾನ್ಯ ಭಾಜಕದಿಂದ ಸಂಖ್ಯೆಗಳನ್ನು ಸಂಕ್ಷೇಪಿಸುವ ಕ್ರಿಯೆ. ಜೋಡಿಯ ಅಚ್ಚು ಮುರಿದಿರುವುದರಿಂದಲೇ ಇದನ್ನು ನೆನಪಿಡುವುದು ಕಠಿಣವಾಗಿದೆ. ಅಪವರ್ತಕ ಎಂದು ಬದಲಿಸುವುದು ತರ್ಕಕ್ಕೆ ಒಪ್ಪುತ್ತದೆ. ಆದರೆ ತಲೆಮಾರುಗಳ ಶಿಕ್ಷಕರು ಅಪವರ್ತನ ಎಂದೇ ಕಲಿಸಿರುವಾಗ ಮೂರನೆಯ ಪದವೊಂದನ್ನು ತರುವುದರಿಂದ ಗೊಂದಲ ಕಡಿಮೆಯಾಗುವುದಕ್ಕಿಂತ ಹೆಚ್ಚುವ ಸಂಭವವೇ ಅಧಿಕ. ಹಿಂದಿಯ ಭೌತವಿಜ್ಞಾನದಲ್ಲಿ ಅಪವರ್ತನವೆಂದರೆ ಬೆಳಕಿನ ವಕ್ರೀಭವನ ಎಂಬುದನ್ನೂ ಅನುವಾದಕರು ನೆನಪಿನಲ್ಲಿಡಬೇಕಾಗುತ್ತದೆ.

ಪಠ್ಯಪುಸ್ತಕದಲ್ಲಿ ಏಕರೂಪತೆ

ಕರ್ನಾಟಕದಲ್ಲಿ ಶಾಲಾ ಪುಸ್ತಕಗಳನ್ನು ಕರ್ನಾಟಕ ಪಠ್ಯಪುಸ್ತಕ ಸಂಘವು ಪ್ರಕಟಿಸುತ್ತದೆ. ಎನ್‌ಸಿಇಆರ್‌ಟಿಯ ಗಣಿತ ಪುಸ್ತಕಗಳನ್ನು ಅಳವಡಿಸಿಕೊಂಡ ತರಗತಿಗಳಲ್ಲಿ ಕನ್ನಡ ಪಠ್ಯವು ಅನುವಾದವಾಗಿರುತ್ತದೆ. ರಾಜ್ಯದ ಹೊರಗೂ ಕನ್ನಡ ಮಾಧ್ಯಮದ ಪುಸ್ತಕಗಳಿವೆ: ಕಾಸರಗೋಡಿನ ಶಾಲೆಗಳಿಗಾಗಿ ಕೇರಳವೂ, ಗಡಿ ಭಾಗದ ಶಾಲೆಗಳಿಗಾಗಿ ಮಹಾರಾಷ್ಟ್ರದ ಬಾಲಭಾರತಿಯೂ ಅವನ್ನು ಹೊರತರುತ್ತವೆ. ಈ ಮೂರು ಕಡೆಯ ಅನುವಾದಕರ ಮುಂದಿರುವ ಮೂಲವು ಕ್ರಮವಾಗಿ ಇಂಗ್ಲಿಷ್, ಮಲಯಾಳ, ಮರಾಠಿ ಆಗಿದ್ದರೆ, ಕರ್ಣ ಎಂಬ ಪದದ ಮುಂದೆ ಮೂವರೂ ನಿಂತು ಯೋಚಿಸಬೇಕಾಗುತ್ತದೆ. ಇಂಗ್ಲಿಷಿನಿಂದ ಅನುವಾದಿಸುವವರಿಗೆ ಎರಡು ಬೇರೆ ಪದಗಳು ಸ್ಪಷ್ಟವಾಗಿ ಕಾಣುತ್ತವೆ. ಮಲಯಾಳದಿಂದ ಅನುವಾದಿಸುವವರು ಪದಗಳನ್ನು ತಿರುಗಿಸಬೇಕು. ಮರಾಠಿಯಿಂದ ಅನುವಾದಿಸುವವರಂತೂ ಪ್ರತಿ ಬಾರಿ ಚಿತ್ರವನ್ನು ನೋಡಿಯೇ ನಿರ್ಧರಿಸಬೇಕು.

ದೊಡ್ಡ ಪುಸ್ತಕವೊಂದರ ಅಧ್ಯಾಯಗಳನ್ನು ಹಲವರು ಹಂಚಿಕೊಂಡು ಬರೆಯುತ್ತಾರೆ. ಆದ್ದರಿಂದ ಬರವಣಿಗೆ ಆರಂಭವಾಗುವ ಮೊದಲೇ ಪದಪಟ್ಟಿ ಸಿದ್ಧವಾಗಬೇಕು. ಪದಕ್ಕೆ ಎದುರಾಗಿ ಪದವನ್ನು ಬರೆದ ಪಟ್ಟಿ ಸಾಲದು. ಪ್ರತಿಯೊಂದಕ್ಕೂ ಒಂದು ವಾಕ್ಯದ ಲಕ್ಷಣ, ಅದರಿಂದ ಹುಟ್ಟುವ ಪದಗಳು, ಬಳಸಬಾರದ ಪರ್ಯಾಯಗಳು ಮತ್ತು ಒಪ್ಪಿದ ಕಾಗುಣಿತ ಇರಬೇಕು. ಕಾಗುಣಿತವೂ ಸಣ್ಣ ವಿಷಯವಲ್ಲ: ಸಮಚ್ಛೇದ–ಸಮಛೇದ, ತ್ರಿಜ್ಯ–ತ್ರಿಜ್ಯಾ ಎಂಬ ಎರಡೆರಡು ರೂಪಗಳು ಒಂದೇ ಪುಸ್ತಕದಲ್ಲಿ ಕಾಣಿಸಿಕೊಂಡರೆ ಓದುಗನು ಅವು ಬೇರೆ ಬೇರೆ ಪದಗಳೋ ಎಂದು ಸಂಶಯಪಡುತ್ತಾನೆ. ‘ಛ’ಕಾರವನ್ನು ಮಾತಿನಲ್ಲಿ ‘ಚ’ ಎಂದೇ ಉಚ್ಚರಿಸುವವರು ಬಹಳ. ‘ಚೇದ’ ಎಂಬ ಬರಹವು ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಬರುವುದು ಸಹಜ, ಪುಸ್ತಕದಲ್ಲಿ ಬರಬಾರದು.

ಕರಡು ಸಿದ್ಧವಾದ ಮೇಲೆ ಕಂಪ್ಯೂಟರಿನಲ್ಲಿ ಹುಡುಕಿ ಬದಲಿಸುವ ಕ್ರಮ ಈಗ ಸಾಮಾನ್ಯ. ಕನ್ನಡದಲ್ಲಿ ಇದನ್ನು ಎಚ್ಚರದಿಂದ ಮಾಡಬೇಕು. ‘ಛೇದ’ವನ್ನು ಹುಡುಕಿದರೆ ಛೇದಿಸು, ಛೇದಕ ಎಂಬವುಗಳೊಡನೆ ಪರಿಚ್ಛೇದವೂ ಸಿಗುತ್ತದೆ. ‘ಕರ್ಣ’ವನ್ನು ಹುಡುಕಿದರೆ ‘ವಿಕರ್ಣ’ದ ಒಳಗಿನ ಕರ್ಣವೂ ಸಿಗುತ್ತದೆ, ಎಲ್ಲವನ್ನೂ ಒಮ್ಮೆಲೆ ‘ವಿಕರ್ಣ’ಕ್ಕೆ ಬದಲಿಸಿದರೆ ಪುಟದಲ್ಲಿ ‘ವಿವಿಕರ್ಣ’ ಎಂಬ ಹೊಸ ಪದ ಹುಟ್ಟುತ್ತದೆ. ಹಿಂದಿ ಕ್ರಮದ ಕರಡನ್ನು ಕನ್ನಡ ಕ್ರಮಕ್ಕೆ ತರಬೇಕಾದರೆ ಮೂರು ಹೆಜ್ಜೆಗಳು ಬೇಕು. ಮೊದಲು ಪ್ರತಿ ‘ವಿಕರ್ಣ’ವನ್ನೂ ಪುಸ್ತಕದಲ್ಲಿ ಬೇರೆಲ್ಲಿಯೂ ಇಲ್ಲದ ಗುರುತೊಂದಕ್ಕೆ, ಉದಾಹರಣೆಗೆ ##1##ಕ್ಕೆ, ಬದಲಿಸಬೇಕು. ಬಳಿಕ ಉಳಿದ ‘ಕರ್ಣ’ಗಳನ್ನು ‘ವಿಕರ್ಣ’ ಮಾಡಬೇಕು. ಕೊನೆಗೆ ಗುರುತನ್ನು ‘ಕರ್ಣ’ಕ್ಕೆ ತಿರುಗಿಸಬೇಕು. ವಿಭಕ್ತಿ ಪ್ರತ್ಯಯಗಳು ಪದದ ಕೊನೆಗೆ ಸೇರುವುದರಿಂದ ‘ಕರ್ಣದ’, ‘ಕರ್ಣಗಳು’, ‘ಕರ್ಣವನ್ನು’ ಎಂಬ ರೂಪಗಳು ಇದರಿಂದ ಕೆಡುವುದಿಲ್ಲ. ಹಾಗಿದ್ದರೂ ಚಿತ್ರಗಳೊಳಗೆ ಬರೆದ ಹೆಸರುಗಳು ಈ ಹುಡುಕಾಟಕ್ಕೆ ಸಿಗುವುದಿಲ್ಲ. ಪಠ್ಯದಲ್ಲಿ ವಿಕರ್ಣ, ಪಕ್ಕದ ಚಿತ್ರದಲ್ಲಿ ಕರ್ಣ ಎಂದು ಉಳಿದುಹೋಗುವುದು ಹೀಗೆಯೇ. ಆದ್ದರಿಂದ ಚಿತ್ರಗಳನ್ನು ಒಬ್ಬರು ಕಣ್ಣಿಟ್ಟು ಪ್ರತ್ಯೇಕವಾಗಿ ನೋಡಲೇಬೇಕು.

ಬಾಹು ಎಂಬ ಪದವು ಏಕರೂಪತೆಯ ಮಿತಿಯನ್ನು ತೋರಿಸುತ್ತದೆ. ತ್ರಿಭುಜ, ಚತುರ್ಭುಜ, ಬಹುಭುಜಾಕೃತಿ ಎಂಬಲ್ಲಿ ‘ಭುಜ’ ಇದೆ. ಅವುಗಳ ಬದಿಯನ್ನು ಮಾತ್ರ ‘ಬಾಹು’ ಎನ್ನುತ್ತೇವೆ. ಸಂಸ್ಕೃತದಲ್ಲಿ ಎರಡೂ ತೋಳೇ. ಆಡುಗನ್ನಡದಲ್ಲಿ ಭುಜವೆಂದರೆ ಹೆಗಲು. ಇವೆರಡನ್ನು ಒಂದುಗೂಡಿಸಬೇಕೆಂದು ಯಾರೂ ಒತ್ತಾಯಿಸುವುದಿಲ್ಲ, ಏಕೆಂದರೆ ಇಲ್ಲಿ ಎರಡು ಪದಗಳಿದ್ದರೂ ಅರ್ಥಗಳು ಘರ್ಷಿಸುವುದಿಲ್ಲ.

ಅಚ್ಚಗನ್ನಡ ಪದಗಳ ಪ್ರಶ್ನೆ

ಸಂಸ್ಕೃತ ಮೂಲದ ಪದಗಳು ಮಕ್ಕಳಿಗೆ ಇಂಗ್ಲಿಷ್ ಪದಗಳಷ್ಟೇ ಅಪರಿಚಿತ, ಆದ್ದರಿಂದ ಕನ್ನಡದ ಬೇರುಗಳಿಂದಲೇ ಪದಗಳನ್ನು ಕಟ್ಟಬೇಕು ಎಂಬ ವಾದವಿದೆ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಬಟ್ ಅವರು ಈ ನಿಲುವನ್ನು ವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ. ‘ಇಂಗ್ಲಿಶ್ ಪದಗಳಿಗೆ ಕನ್ನಡದ್ದೇ ಪದಗಳು’ ಎಂಬುದು ಅವರ ಕೃತಿ. ಕೂಡು, ಕಳೆ, ಬೆಸ, ಮಗ್ಗಿ, ಅರೆ, ಕಾಲು ಎಂಬ ಪದಗಳು ಗಣಿತದಲ್ಲಿ ಎಂದಿನಿಂದಲೂ ಸಲೀಸಾಗಿ ಬಳಕೆಯಲ್ಲಿರುವುದು ಈ ವಾದಕ್ಕೆ ಬಲ ಕೊಡುತ್ತದೆ. ಪ್ರತಿವಾದವು ಎರಡು ಕಾರಣಗಳನ್ನು ಮುಂದಿಡುತ್ತದೆ. ಒಂದು, ಈಗಿನ ಪದಗಳಲ್ಲಿ ಕಲಿತ ಶಿಕ್ಷಕರೂ ಅಚ್ಚಾದ ಪುಸ್ತಕಗಳೂ ಈಗಾಗಲೇ ಇವೆ. ಇನ್ನೊಂದು, ಪಾರಿಭಾಷಿಕ ಪದವು ತುಸು ಅಪರಿಚಿತವಾಗಿರುವುದೂ ಅನುಕೂಲವೇ, ಏಕೆಂದರೆ ಅದಕ್ಕೆ ದಿನಬಳಕೆಯ ಅರ್ಥಗಳು ಅಂಟಿಕೊಂಡಿರುವುದಿಲ್ಲ. ಎರಡನೆಯ ಮಾತು ಛೇದಕ್ಕೆ ತಕ್ಕಮಟ್ಟಿಗೆ ಒಪ್ಪುತ್ತದೆ. ‘ಅಂಶ’ಕ್ಕೆ ಸ್ವಲ್ಪವೂ ಒಪ್ಪುವುದಿಲ್ಲ.

ಪ್ರೌಢಶಾಲೆಯ ಬಳಿಕ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ವಿದ್ಯಾರ್ಥಿಗಳಿಗಾಗಿ ಎರಡೂ ಪದಗಳನ್ನು ಜೊತೆಯಾಗಿ ಕಲಿಸುವ ಕ್ರಮವು ಅನೇಕ ತರಗತಿಗಳಲ್ಲಿದೆ. ಎರಡು ಭಾಷೆಗಳಲ್ಲಿ ಅಚ್ಚಾಗುವ ಸ್ಪರ್ಧಾ ಪರೀಕ್ಷೆಗಳ ಪ್ರಶ್ನೆಪತ್ರಿಕೆಗಳಲ್ಲಿ, ಕನ್ನಡ ಪಾಠದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ ಎಂಬ ಸೂಚನೆ ಇರುವುದುಂಟು. ಕನ್ನಡದಲ್ಲಿ ಮಾತ್ರ ಓದಿ ಬಂದವರು ಆಗ ‘ಕರ್ಣ’ದ ಪಕ್ಕದಲ್ಲಿರುವ ಇಂಗ್ಲಿಷ್ ಪದವನ್ನು ನೋಡಿ, ತಾವು ಕಲಿತ ಕರ್ಣವೇ ಅದು ಎಂದು ಖಚಿತಪಡಿಸಿಕೊಳ್ಳಬೇಕಾಗುತ್ತದೆ, ಚಿತ್ರ ಕೊಟ್ಟಿದ್ದರೆ ಆ ರೇಖೆಯ ಎದುರಿಗೆ ಲಂಬಕೋನದ ಗುರುತು ಇದೆಯೇ ಎಂದು ನೋಡಿದರೂ ಸಾಕಾಗುತ್ತದೆ.